ಕಳ್ಳಶೆಟ್ಟಿ ಕಟ್ಟೆಯ ಎರಡು ಕುಳಿಗಳು

ಕರಿಗಲ್ಲಪೇಟೆಯ ಹಳೇ ಕಾಳುಬಜಾರಿನಲ್ಲಿ ಬೇವಿನಮರದ ಕೆಳಗೆ ಒಂದು ಕಲ್ಲಿನ ಕಟ್ಟೆಯಿದೆ. ಮೇಲೆ ಎರಡು ಕುಳಿಗಳು, ಒಂದು ದೊಡ್ಡದು, ಒಂದು ಚಿಕ್ಕದು. ಅದಕ್ಕೆ ಕಳ್ಳಶೆಟ್ಟಿ ಕಟ್ಟೆ ಎಂದು ಹೆಸರು. ಹಿಂದೆ ಒಮ್ಮೆ, ಕಾಳನ್ನು ಕೊಳಗದಲ್ಲಿ ಅಳೆದು ಮಾರುತ್ತಿದ್ದ ಕಾಲದಲ್ಲಿ, ಅಳತೆಯ ಮೇಲೆ ಅನುಮಾನ ಬಂದವರು ಕೊಂಡ ಕಾಳನ್ನು ಈ ಕಟ್ಟೆಗೆ ತರುತ್ತಿದ್ದರಂತೆ. ದೊಡ್ಡ ಕುಳಿ ಒಂದು ಕೊಳಗ, ಚಿಕ್ಕದು ಅರ್ಧ. ಕಾಳು ಸುರಿದು ಕೋಲಿನಿಂದ ಸವರಿದಾಗ ಅಂಚಿಗೆ ಸಮ ಬಂದರೆ ವ್ಯಾಪಾರಿ ಸಾಚಾ. ಮಲ್ಲಿಶೆಟ್ಟಿ ಎಂಬವನ ಜೋಳ ಎರಡು ಹಿಡಿ ಕಡಿಮೆ ಬಂತು. ಬಜಾರೆಲ್ಲ ಕಳ್ಳ ಕಳ್ಳ ಎಂದಿತು. ಅವನು ಎದುರುಮಾತಾಡದೆ ಕೊಳಗವನ್ನು ಅಟ್ಟಕ್ಕೆ ಹಾಕಿ, ಸಾಯುವ ತನಕ ಮತ್ತೆ ಕಾಳು ಮಾರಲಿಲ್ಲ ಎನ್ನುತ್ತಾರೆ.

ನಿವೃತ್ತ ಇತಿಹಾಸ ಶಿಕ್ಷಕಿ ಇಂದುಮತಿ ಟೀಚರ್ ಏಳನೇ ತರಗತಿಯ ಮಕ್ಕಳಿಗಾಗಿ ಪೇಟೆಯ ಪಾರಂಪರಿಕ ನಡಿಗೆಯ ಬರಹ ಸಿದ್ಧಮಾಡುವಾಗ ಈ ಕಥೆಯನ್ನು ನಾಲ್ಕನೇ ನಿಲುಗಡೆಗೆ ಇಟ್ಟಿದ್ದರು. ಹಾಲು ಕೊಂಡರೂ ಬೆರಳದ್ದಿ ನೋಡುವ ಹೆಂಗಸು ಅವರು. ಯಾರ ಮಾತನ್ನೂ ಸುಲಭಕ್ಕೆ ನಂಬಿದವರಲ್ಲ. ಬರಹಕ್ಕೂ ಅದೇ ಶಿಸ್ತು. ಕಣ್ಣಿಗೆ ಕಾಣುವುದು ಕಪ್ಪು ಶಾಯಿಯಲ್ಲಿ, ಕಾಗದಪತ್ರ ಶಾಸನಗಳಲ್ಲಿ ಇರುವುದು ನೀಲಿಯಲ್ಲಿ, ಜನ ಹೇಳುವುದು ಕೆಂಪಿನಲ್ಲಿ. ಒಂಬತ್ತು ನಿಲುಗಡೆ, ಒಂದೊಂದಕ್ಕೆ ಐದೇ ನಿಮಿಷ, ಅದಕ್ಕಿಂತ ಹೆಚ್ಚಾದರೆ ಮಕ್ಕಳು ಕಾಲು ಬದಲಿಸತೊಡಗುತ್ತಾರೆ. ಮೊದಲು ಏನು ನೋಡಬೇಕು ಎಂದು ಕೇಳಬೇಕು, ಕಥೆ ಆಮೇಲೆ. ಹತ್ತು ಗಂಟೆಗೆ ನೆರಳು ಎಲ್ಲಿರುತ್ತದೆ, ಲಾರಿ ಎಲ್ಲಿ ಮೂಟೆ ಇಳಿಸುತ್ತದೆ, ನೀರು, ಶೌಚಾಲಯ ಎಲ್ಲಿ ಎಂಬುದನ್ನೂ ಅಂಚಿನಲ್ಲಿ ಗುರುತು ಹಾಕಿದ್ದರು. ಯಾರ ಬಾಗಿಲ ಮುಂದೆ ನಿಲ್ಲುತ್ತೀರೋ ಅವರ ಒಪ್ಪಿಗೆ ಕೇಳಬೇಕು ಎಂಬುದು ಕೊನೆಯ ಕೆಲಸ.

ಕಟ್ಟೆಯ ಎದುರಿಗೆ ಅಡಿವೆಪ್ಪ ಶೆಟ್ಟರ ಹಗ್ಗದಂಗಡಿ. ಮಲ್ಲಿಶೆಟ್ಟಿಯ ವಂಶದವರು. ಬರಹವನ್ನು ಓದಿ ಅವರು ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟರು.

“ಇಲ್ಲಿ ನಿಲ್ಲಬ್ಯಾಡ್ರಿ ಟೀಚರ್. ನನ್ನ ಮಗಳು ಸೃಷ್ಟಿನೂ ಆ ಸಾಲಿನಾಗ ಬರ್ತಾಳ. ನಲವತ್ತು ಹುಡುಗರ ಮುಂದ ಅಕಿ ಏನಂತ ತಲಿ ಎತ್ತಬೇಕು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡರು ಟೀಚರ್. ಸತ್ಯ ಮುಚ್ಚಿಡಲು ಮಗಳನ್ನು ಮುಂದೆ ಮಾಡುತ್ತಾನೆ ಎಂಬ ಸಂಶಯ. ಆದರೂ ಆ ಹುಡುಗಿಯ ಮುಖ ನೆನಪಾಗಿ ಮನಸ್ಸು ಕಲಕಿತು. ಮನೆಗೆ ಬಂದು ಹಾಳೆ ಬಿಡಿಸಿ ಮತ್ತೆ ಓದಿದರು. ಕಳ್ಳತನದ ಮಾತು ಕಪ್ಪು ಶಾಯಿಯಲ್ಲಿತ್ತು! ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ್ದು. ಕಣ್ಣಾರೆ ಕಂಡ ಹಾಗೆ ಬರೆದುಬಿಟ್ಟಿದ್ದರು. ಊರನ್ನೆಲ್ಲ ಅನುಮಾನಿಸಿದವರು ಅಜ್ಜಿಯನ್ನು ಮಾತ್ರ ಬಿಟ್ಟಿದ್ದರು. ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಮರುದಿನ ಗಡಿಯಾರ ಹಿಡಿದು, ಮಕ್ಕಳ ಹೆಜ್ಜೆಯಷ್ಟೇ ನಿಧಾನವಾಗಿ ಇಡೀ ದಾರಿಯನ್ನು ನಡೆದು ನೋಡಿದರು. ನಾಲ್ಕನೇ ನಿಲುಗಡೆಯಲ್ಲಿ ಏನು ನೋಡಿ ಎನ್ನಬೇಕು? ಬಗ್ಗಿ ಕುಳಿಗಳೊಳಗೆ ಕೈಯಾಡಿಸಿದರು. ಚಿಕ್ಕದರ ತಳದಲ್ಲಿ ಉಳಿಯ ಗೆರೆಗಳು ಇನ್ನೂ ಒರಟಾಗಿದ್ದವು. ದೊಡ್ಡದು ಬೆಣ್ಣೆಯ ಹಾಗೆ ನುಣುಪು. ಅರ್ಧ ಕೊಳಗಕ್ಕಾಗಿ ಜಗಳಕ್ಕೆ ಬಂದವರು ಕಡಿಮೆ. ದೊಡ್ಡದರಿಂದಲೋ ತಲೆಮಾರುಗಟ್ಟಲೆ ಕಂಚಿನ ಬಟ್ಟಲಿನಲ್ಲಿ ಕಾಳು ಕೆರೆದು ತೆಗೆದಿದ್ದಾರೆ. ಟೀಚರ್ ಅಂಗಡಿಗೆ ಓಡಿದರು.

“ಶೆಟ್ರ, ಆ ಕೊಳಗ ಇನ್ನೂ ಐತೇನ್ರಿ?”

ಶೆಟ್ಟರು ಅವರನ್ನು ದಿಟ್ಟಿಸಿದರು. “ಯಾಕ? ಇನ್ನೂ ಏನು ಬರೀಬೇಕಾಗೇದ?”

“ಅಳದು ನೋಡಬೇಕಾಗೇದ್ರಿ. ಬರದಿದ್ದು ನನ್ನ ತಪ್ಪು ಇರಬಹುದು.”

ಶೆಟ್ಟರು ಅಟ್ಟ ಹತ್ತಿದರು. ಹಿತ್ತಾಳೆಯ ಕೊಳಗ ಕಪ್ಪಿಟ್ಟಿತ್ತು, ಆದರೆ ಎಲ್ಲೂ ನೆಗ್ಗಿರಲಿಲ್ಲ. ಜೋಳ ತುಂಬಿ ಚಿಕ್ಕ ಕುಳಿಗೆ ಸುರಿದು ಸವರಿದರು. ಸಮ. ಅದನ್ನು ಬರಿದುಮಾಡಿ ಕೊಳಗದಲ್ಲಿ ಉಳಿದದ್ದನ್ನು ಸುರಿದರು. ಮತ್ತೆ ಸಮ. ಎರಡನ್ನೂ ಕೂಡಿಸಿ ದೊಡ್ಡ ಕುಳಿಗೆ ಹಾಕಿದಾಗ ಅಂಚು ಮೇಲೆಯೇ ಉಳಿಯಿತು, ಕೊರತೆ ಎರಡು ಹಿಡಿ. ಸವೆದದ್ದು ಕಲ್ಲು. ಶೆಟ್ಟರು ಕಟ್ಟೆಯ ಮೇಲೆ ಕುಸಿದು ಕೂತು ಮಕ್ಕಳ ಹಾಗೆ ಅತ್ತರು.

ಈಗಲೂ ಆ ಕಟ್ಟೆಯ ಹೆಸರು ಕಳ್ಳಶೆಟ್ಟಿ ಕಟ್ಟೆಯೇ. ಹೆಸರು ಅಳಿಸಬೇಡಿ ಎಂದವರು ಶೆಟ್ಟರೇ. ಎಂಥವನನ್ನು ಕಳ್ಳ ಅಂದರು ಎಂಬುದು ಊರಿಗೆ ನೆನಪಿರಲಿ ಎಂದರು. ನಡಿಗೆಯ ಬರಹದಲ್ಲಿ ಕಥೆ ಕೆಂಪಿಗೆ ಹೋಗಿದೆ. ಮಲ್ಲಿಶೆಟ್ಟಿಯ ದಿನವೇ ಕಲ್ಲು ಇಷ್ಟು ಸವೆದಿತ್ತೆಂದು ಹೇಳಲು ಕಾಗದವಿಲ್ಲ ಎಂಬ ಮಾತನ್ನೂ ಟೀಚರ್ ಸೇರಿಸಿದ್ದಾರೆ. ಅವರ ಬುದ್ಧಿ ಎಲ್ಲಿ ಹೋದೀತು. ಕಪ್ಪಿನಲ್ಲಿರುವುದು ಮೂರೇ ಮಾತು: ಮುಟ್ಟಿ, ಸುರಿಯಿರಿ, ಸವರಿ. ಮೊದಲ ನಡಿಗೆಯಲ್ಲಿ ಕೋಲು ಹಿಡಿದು ಸವರಿದವಳು ಸೃಷ್ಟಿ. ಇಂದಿಗೂ ಶಾಲಾಮಕ್ಕಳು ಬರುವ ದಿನ ಹಗ್ಗದಂಗಡಿಯ ಹೊಸ್ತಿಲ ಮೇಲೆ, ಹುಣಸೆಹಣ್ಣು ಹಚ್ಚಿ ಬೆಳಗಿದ ಆ ಕೊಳಗ ಇರುತ್ತದೆ, ಬೇಕಾದವರು ಅಳೆದು ನೋಡಬಹುದು.