ಮೂರನೆಯ ಎಲೆ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡಮ್ಮ ವಾರಿಜಮ್ಮನವರು. ಅವರು ಹರೆಯದಿಂದಲೂ ಗುಡ್ಡೆಯ ಆಶ್ರಮದಲ್ಲಿ ದೇವರಿಗೆ ಹೂ ಕಟ್ಟುವ ಸೇವೆ ಮಾಡಿಕೊಂಡಿದ್ದವರು. ಅಂದು ಬೆಳಿಗ್ಗೆಯೂ ಜಗಲಿಯ ಮೂಲೆಯಲ್ಲಿ ಕೂತು ಅಬ್ಬಲಿಗೆ ಕಟ್ಟುತ್ತಿದ್ದರಂತೆ. ಅವರು ಕಂಡದ್ದನ್ನು, ಮತ್ತು ಮುಂದೆ ಉಪೇಂದ್ರ ಆಚಾರ್ಯರೇ ಅವರಲ್ಲಿ ಬಾಯಿಬಿಟ್ಟು ಹೇಳಿಕೊಂಡದ್ದನ್ನು, ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಪೂಜ್ಯ ನಿತ್ಯಬೋಧ ಸ್ವಾಮಿಗಳನ್ನು ನಮ್ಮ ಕಡೆಯವರು ಪ್ರೀತಿಯಿಂದ ಗುಡ್ಡೆ ಸ್ವಾಮಿಗಳು ಎಂದೇ ಕರೆಯುತ್ತಿದ್ದರು. ಹೊಳೆ ಸಮುದ್ರ ಸೇರುವಲ್ಲಿ ಒಂದು ಕೆಂಪು ಮುರಕಲ್ಲಿನ ಗುಡ್ಡೆ. ಅದರ ಮೇಲೆ ನಾಲ್ಕು ಗೇರುಮರ, ಒಂದು ಮುಳಿಹುಲ್ಲಿನ ಮನೆ, ಸೆಗಣಿ ಸಾರಿಸಿದ ಜಗಲಿ. ಆಶ್ರಮ ಎಂದರೆ ಅಷ್ಟೇ. ಪೂರ್ವಾಶ್ರಮದಲ್ಲಿ ಸ್ವಾಮಿಗಳು ಜ್ಯೋತಿಷ್ಯವನ್ನು ಕ್ರಮವಾಗಿ ಓದಿದವರಾದ್ದರಿಂದ, ಯಾರಾದರೂ ತೀರಾ ಕಂಗೆಟ್ಟು ಬಂದರೆ ತಾಂಬೂಲ ಪ್ರಶ್ನೆ ಇಟ್ಟು ನೋಡುತ್ತಿದ್ದರು. ಪ್ರಶ್ನೆ ಕೇಳುವವರು ಒಂದು ಕಟ್ಟು ವೀಳ್ಯದೆಲೆ ತಂದು ಮಣೆಯ ಮೇಲೆ ಕೂತು ಎರಡು ಕೈಯಿಂದ ಒಪ್ಪಿಸಬೇಕು. ಆ ಎಲೆಗಳೇ ಅವರ ಜಾತಕ.

ಉಪೇಂದ್ರ ಆಚಾರ್ಯರು ಪೇಟೆಯಲ್ಲಿ ಹೆಸರಾದ ಅಕ್ಕಸಾಲಿಗರು. ಒರೆಗಲ್ಲಿಗೆ ಉಜ್ಜದೆ ಒಂದು ಮೂಗುತಿಯನ್ನೂ ಮುಟ್ಟಿದವರಲ್ಲ. ಅಂಗಡಿಯಲ್ಲಿ ಆ ಗುಣ ಇರಬೇಕಾದದ್ದೇ. ಆದರೆ ಅವರು ಆ ಕಲ್ಲನ್ನು ಮನೆಯೊಳಗೂ ತಂದಿದ್ದರು. ಮಗಳ ತೊಟ್ಟಿಲ ದಿನ ತಂಗಿ ಕಲ್ಯಾಣಿ ಒಂದು ಪುಟ್ಟ ಬಳೆ ತಂದು ಮಗುವಿನ ಕೈಗೆ ಹಾಕಿದಳು. ಗಂಡನ ದುಡಿಮೆ ಅಷ್ಟಕ್ಕಷ್ಟೆ. ಹೇಗೋ ಕೂಡಿಟ್ಟು, ಯಾವುದೋ ಊರಿನ ಅಂಗಡಿಯಲ್ಲಿ ಕೊಂಡು ತಂದದ್ದು. ಆಚಾರ್ಯರು ಬಳೆ ಬಿಚ್ಚಿ, ನೆಂಟರೆಲ್ಲ ನೋಡುತ್ತಿದ್ದ ಹಾಗೆಯೇ ಒರೆಗೆ ಹಚ್ಚಿ, "ಇದರಲ್ಲಿ ತಾಮ್ರವೇ ಹೆಚ್ಚು" ಎಂದುಬಿಟ್ಟರು. ತಂಗಿ ಬಳೆಯನ್ನು ಸೆರಗಿಗೆ ಕಟ್ಟಿಕೊಂಡು, ಊಟ ಮಾಡದೆ ಹೊರಟುಹೋದಳು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಈಗ ಅದೇ ಮಗಳಿಗೆ ಮದುವೆ. ಮದುಮಗಳಿಗೆ ಮೊದಲು ಅರಿಶಿನ ಹಚ್ಚಬೇಕಾದವಳು ಸೋದರತ್ತೆ. "ನೀವೇ ಹೋಗಿ ಕರೆಯಿರಿ" ಎಂದು ಹೆಂಡತಿ ಸುಂದರಿ ದಿನಾ ಹೇಳುತ್ತಿದ್ದಳು. "ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡರೆ? ಬರುತ್ತಾಳೆ ಅಂತ ಗೊತ್ತಿದ್ದರೆ ಹೋಗಬಹುದು" ಎಂದು ಆಚಾರ್ಯರು. ಕೊನೆಗೆ ಸುಂದರಿಯೇ ದಾರಿಯಲ್ಲಿ ಎಲೆ ಕೊಂಡು, ಗಂಡನ ಕೈಗೆ ಹಿಡಿಸಿ, ಗುಡ್ಡೆ ಹತ್ತಿಸಿದಳು.

ಸ್ವಾಮಿಗಳು ದೀಪ ಹಚ್ಚಿ, ಪೂರ್ವಕ್ಕೆ ಮುಖ ಮಾಡಿ ಕೂತಿದ್ದರು. "ಬನ್ನಿ ಆಚಾರ್ರೇ, ಕೂತ್ಕೊಳ್ಳಿ" ಎಂದು ಮಣೆ ತೋರಿಸಿದರು.

ಆಚಾರ್ಯರು ಕೂರಲಿಲ್ಲ. "ಕೂತ್ಕೊಳ್ಳುವುದು ಆಮೇಲೆ, ಸ್ವಾಮೀ. ತಪ್ಪು ತಿಳಿಯಬಾರದು. ಒರೆಗೆ ಹಚ್ಚದೆ ನಾನು ಚಿನ್ನ ಅನ್ನುವವನಲ್ಲ. ನಾನು ಎಂತದಕ್ಕೆ ಬಂದದ್ದು ಅಂತ ನೀವು ಮೊದಲು ಹೇಳಿ. ಸರಿ ಇದ್ದರೆ ಕೂತ್ಕೊಳ್ತೇನೆ."

"ಅಯ್ಯೋ ದೇವರೇ, ಇವರ ಬಾಯಿಗೆ ಒಂದು ಬೀಗ ಇಲ್ಲವಾ!" ಎಂದು ಸುಂದರಿ ಹಣೆ ಹಣೆ ಬಡಿದುಕೊಂಡಳು.

ಸ್ವಾಮಿಗಳು ನಕ್ಕರು. "ಇರಲಿ ತಾಯಿ. ಕೇಳುವುದರಲ್ಲಿ ತಪ್ಪೇನು?" ಎಂದು ಆಚಾರ್ಯರ ಮುಖ ನೋಡುತ್ತಾ ನಿಧಾನಕ್ಕೆ ಶುರು ಮಾಡಿದರು. "ಮನೆಯಲ್ಲಿ ಒಂದು ಮದುವೆ ಉಂಟು." ಸ್ವಲ್ಪ ತಡೆದರು. "ಹುಡುಗ ಹುಡುಗಿಯ ಹೊಂದಾಣಿಕೆ ಕೇಳಲಿಕ್ಕೆ ಬಂದದ್ದಲ್ಲ. ನೆಂಟರಲ್ಲಿ ಯಾರೋ ಮುನಿದಿದ್ದಾರೆ." ಮತ್ತೆ ತಡೆದರು. "ನಿಮ್ಮ ಕಡೆಯವರು. ಹೆಂಗಸು. ಅಕ್ಕ..." ಎಂದು ಅರ್ಧಕ್ಕೆ ನಿಲ್ಲಿಸಿ, "ಅಲ್ಲ, ತಂಗಿ" ಎಂದರು. "ನಾಲ್ಕು ಜನರ ಎದುರು ಒಂದು ಮಾತು ಆಡಿ ಹೋಗಿದೆ."

ಆಚಾರ್ಯರ ಕಾಲು ತಾನಾಗಿ ಮಣೆಯ ಕಡೆ ಸರಿಯಿತು. ಸುಂದರಿ ಎರಡು ಕೈ ಜೋಡಿಸಿದಳು. ನಮ್ಮ ದೊಡ್ಡಮ್ಮನ ಕೈಯಲ್ಲಿದ್ದ ಹೂವಿನ ದಾರವೂ ಅಲ್ಲೇ ನಿಂತಿತಂತೆ.

"ಅಲ್ಲೇ ನಿಲ್ಲಿ!" ಎಂದರು ಸ್ವಾಮಿಗಳು. "ಇಷ್ಟಕ್ಕೆ ಕೂತ್ಕೊಳ್ಳಬೇಡಿ."

ಆಚಾರ್ಯರಿಗೆ ಅರ್ಥವಾಗಲಿಲ್ಲ.

"ನಿಮ್ಮ ಯಜಮಾನ್ತಿಯ ಕೈಚೀಲದಲ್ಲಿ ಮೂಲೆಗೆ ಅರಿಶಿನ ಹಚ್ಚಿದ ಕಾಗದ ಕಾಣ್ತಾ ಉಂಟು. ಮದುವೆ ಅಂತ ನನಗೆ ಹೇಳಿದ್ದು ಆ ಚೀಲ. ಹೊಂದಾಣಿಕೆ ಕೇಳುವವರು ಜಾತಕ ತರ್ತಾರೆ, ನೀವು ತರಲಿಲ್ಲ. ಕರೆಯೋಲೆ ಅಚ್ಚಾದ ಮೇಲೆ ಇಷ್ಟು ದೂರ ಗುಡ್ಡೆ ಹತ್ತುವುದು ಇನ್ನು ಎಂತದಕ್ಕೆ? ಕರೆಯಲಿಕ್ಕೆ ಕಷ್ಟ ಆಗುವವರು ಯಾರೋ ಇದ್ದಾರೆ. ನೆಂಟರು ಅಂದಾಗ ಈ ತಾಯಿ ನಿಮ್ಮನ್ನು ನೋಡಿದರು. ನೀವು ನೆಲ ನೋಡಿದಿರಿ. ಹಾಗಾದರೆ ನಿಮ್ಮ ಕಡೆಯವರು. ಹೆಂಗಸು ಅಂದಾಗ ನಿಮ್ಮ ಉಸಿರು ನಿಂತಿತು. ಅಕ್ಕ ಅಂದಾಗ ಮುಖ ಸಡಿಲ ಆಯಿತು, ನನ್ನ ಮಾತು ತಪ್ಪಿತು ಅಂತ ನಿಮಗೆ ಸಮಾಧಾನ. ಆಗ ನಾನು ತಂಗಿ ಅಂದೆ. ಇನ್ನು ನಾಲ್ಕು ಜನರ ಎದುರು ಆಡಿದ ಮಾತು ಇಲ್ಲದ ಮನೆ ಯಾವುದುಂಟು ಆಚಾರ್ರೇ? ಸಂತೆಯಲ್ಲಿ ಗಿಳಿ ಇಟ್ಟುಕೊಂಡವನೂ ಇದನ್ನೇ ಮಾಡುವುದು. ಇದು ಶಾಸ್ತ್ರ ಅಲ್ಲ, ಬರೀ ಕಣ್ಣು. ಇದನ್ನು ನಂಬಿ ಇವತ್ತು ಇಲ್ಲಿ ಕೂತರೆ, ನಾಳೆ ಯಾವ ಮೋಸಗಾರನ ಎದುರಿಗೂ ಕೂತೀರಿ."

ದೊಡ್ಡಮ್ಮ ಹೇಳುತ್ತಿದ್ದರು: ಸ್ವಾಮಿಗಳಿಗೆ ಬೇಕಿದ್ದರೆ ಅಂದು ಆ ದಂಪತಿಗಳನ್ನು ಜೀವಮಾನ ಪೂರ್ತಿ ಕಾಲಿಗೆ ಬೀಳಿಸಿಕೊಳ್ಳಬಹುದಿತ್ತು. ಆದರೆ ಅವರು ಕೊಟ್ಟ ಪವಾಡವನ್ನು ಕೂಡಲೇ ಹಿಂದಕ್ಕೆ ತೆಗೆದುಕೊಂಡರು.

ಆಚಾರ್ಯರು ಗೊಂದಲದಲ್ಲಿ ನಿಂತೇ ಇದ್ದರು. ಕೈಯಲ್ಲಿ ಎಲೆಯ ಕಟ್ಟು. ಹೆಬ್ಬೆರಳ ಉಗುರು ಮೇಲಿನ ಎಲೆಯನ್ನು ಒತ್ತುತ್ತಲೇ ಇತ್ತು. "ಹಾಗಾದರೆ ನಾನು ಎಂತ ನಂಬಿ ಕೂತ್ಕೊಳ್ಳುವುದು ಸ್ವಾಮೀ?"

"ಎಂತ ನಂಬುವುದೂ ಬೇಡ. ಗುಡ್ಡೆ ಹತ್ತಿ ಬಂದಿದ್ದೀರಿ, ಕಾಲು ನೋಯ್ತಾ ಉಂಟು. ಅದಕ್ಕೆ ಕೂತ್ಕೊಳ್ಳಿ."

ಸುಂದರಿ ಫಕ್ಕನೆ ನಕ್ಕುಬಿಟ್ಟಳು. ಆಚಾರ್ಯರಿಗೂ ನಗು ತಡೆಯಲಿಲ್ಲ. ಕೂತರು.

ಸ್ವಾಮಿಗಳು ನೀರು ಮುಟ್ಟಿ, ಗುರುಗಳನ್ನೂ ಗಣಪತಿಯನ್ನೂ ಸ್ಮರಿಸಿ, ಎಲೆಯ ಕಟ್ಟನ್ನು ಅಂಗೈಯಲ್ಲಿ ತೆಗೆದುಕೊಂಡರು. "ಇನ್ನು ನಾನು ಮಾಡುವುದೆಲ್ಲ ನಿಮ್ಮ ಕಣ್ಣೆದುರಿಗೇ. ತಪ್ಪಿದರೆ ಹೇಳಿ" ಎಂದು ಎಲೆ ಎಣಿಸಿದರು. ಹದಿನೇಳು. "ಇದನ್ನು ಹತ್ತರಿಂದ ಗುಣಿಸಿ, ಒಂದು ಕೂಡಿಸಿ, ಏಳರಿಂದ ಭಾಗಿಸಿ. ಉಳಿದದ್ದೆಷ್ಟು?"

ಲೆಕ್ಕದಲ್ಲಿ ಚುರುಕಾದ ಆಚಾರ್ಯರು, "ಮೂರು" ಎಂದರು.

"ಸೂರ್ಯನಿಂದ ಎಣಿಸಬೇಕು. ಸೂರ್ಯ, ಚಂದ್ರ, ಕುಜ. ಕುಜ ಒಡಹುಟ್ಟಿದವರ ಕಾರಕ, ಅವರನ್ನು ತೋರಿಸುವ ಗ್ರಹ. ಅವನು ಇವತ್ತು ಯಾವ ರಾಶಿಯಲ್ಲಿದ್ದಾನೋ ಅದೇ ಈ ಪ್ರಶ್ನೆಯ ಲಗ್ನ" ಎಂದು ಪಂಚಾಂಗ ತೆರೆದು ಗುರುತು ಮಾಡಿಕೊಂಡರು. "ಎಷ್ಟು ಎಲೆ ಕೊಳ್ಳಬೇಕು ಅಂತ ನಾನು ಹೇಳಿರಲಿಲ್ಲ. ಆದರೂ ಇದನ್ನು ಆಕಸ್ಮಿಕ ಅಂತ ನೀವು ಹೇಳಬಹುದು. ನಾನು ಜಗಳ ಮಾಡುವುದಿಲ್ಲ. ಇನ್ನು ಎಲೆ. ಮಧ್ಯಾಹ್ನಕ್ಕೆ ಮುಂಚೆ ಮೇಲಿನಿಂದ ಎಣಿಸುವುದು, ಆಮೇಲಾದರೆ ಕೆಳಗಿನಿಂದ. ಮೊದಲ ಹನ್ನೆರಡು ಎಲೆಗೆ ಹನ್ನೆರಡು ಭಾವ, ಅಂದರೆ ಬದುಕಿನ ಹನ್ನೆರಡು ಮನೆ. ಬಾಡಿದ್ದು, ಹರಿದದ್ದು, ತೂತಾದದ್ದು ಎಲ್ಲಿ ಬಂತೋ ಅಲ್ಲಿ ನೋವು. ನೀವೇ ಒಂದೊಂದಾಗಿ ತೆಗೆದು ಇಡಿ."

ಆಚಾರ್ಯರು ಮೊದಲ ಎಲೆ ತೆಗೆದರು. ನಡುವೆ ಉದ್ದಕ್ಕೆ ಹರಿದಿತ್ತು.

"ಮೊದಲನೆಯದು ಕೇಳುವವನು. ನೀವು."

ಎರಡನೆಯ ಎಲೆ ಹರಿದಿರಲಿಲ್ಲ. ಆದರೆ ಉಗುರು ನಾಟಿದ ಗುರುತು ಅರ್ಧಚಂದ್ರದ ಹಾಗೆ ಕಪ್ಪಾಗಿ ಮೂಡಿತ್ತು.

"ಎರಡನೆಯದು ಮನೆಮಂದಿ. ಮತ್ತೆ ಬಾಯಿಯಿಂದ ಬರುವ ಮಾತು."

ಮೂರನೆಯ ಎಲೆಯನ್ನು ಆಚಾರ್ಯರು ಮೆಲ್ಲನೆ ಎತ್ತಿದರು. ಅಂಚಿನಿಂದ ಅಂಚಿಗೆ ತಿರುವಿ ನೋಡಿದರು. ಹಿಂದೆ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಚಿನ್ನದಲ್ಲಿ ದೋಷ ಹುಡುಕಿದ ಕಣ್ಣುಗಳಿಗೆ ಆ ಎಲೆಯಲ್ಲಿ ಒಂದು ಚುಕ್ಕಿಯೂ ಸಿಗಲಿಲ್ಲ. ಹಚ್ಚಗೆ, ನೀರಿನ ಪಸೆಯೊಂದಿಗೆ, ಆಗ ಕೊಯ್ದ ಹಾಗಿತ್ತು.

"ಮೂರನೆಯದು ಬೆನ್ನಿಗೆ ಹುಟ್ಟಿದವರು" ಎಂದರು ಸ್ವಾಮಿಗಳು.

ಸುಂದರಿ ಮೆಲ್ಲಗೆ, "ನಾನು ಕೊಳ್ಳುವಾಗ ಮೇಲಿನ ಎಲೆ ಹರಿದಿರಲಿಲ್ಲ ಸ್ವಾಮೀ. ಆರಿಸಿಯೇ ತಂದದ್ದು" ಎಂದಳು.

"ಹೌದು ತಾಯಿ. ಅದು ಇಲ್ಲಿ ಹರಿದದ್ದು. ಇವರು ಕೂರದೆ ನಿಂತಿದ್ದಾಗ."

ಆಚಾರ್ಯರು ತಮ್ಮ ಹೆಬ್ಬೆರಳು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಹಸಿರು ರಸ ಇನ್ನೂ ಆರಿರಲಿಲ್ಲ. ಆದರೂ ಅವರಿಗೆ ಬೇಕಾಗಿದ್ದ ಮಾತು ಬಂದಿರಲಿಲ್ಲ. "ಅವಳು ಬರ್ತಾಳಾ ಸ್ವಾಮೀ? ಅದೊಂದು ಹೇಳಿ. ಬಾಗಿಲು ತೆರೀತಾಳೆ ಅಂತ ಗೊತ್ತಾದರೆ ಇವತ್ತೇ ಹೋಗ್ತೇನೆ."

ಸ್ವಾಮಿಗಳು ಆ ಮೂರನೆಯ ಎಲೆಯನ್ನು ಅವರ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ತಾವೇ ಮುಚ್ಚಿದರು.

"ತಂಗಿಯ ಬಾಗಿಲಲ್ಲೂ ಹೀಗೆಯೇ ನಿಲ್ಲುತ್ತೀರಾ ಆಚಾರ್ರೇ? ಮೊದಲು ಪುರಾವೆ ಕೊಡು, ಆಮೇಲೆ ಕೂತ್ಕೊಳ್ತೇನೆ ಅಂತ?"

ಅಷ್ಟೇ. ಉಳಿದ ಎಲೆಗಳನ್ನು ನೋಡಲೂ ಇಲ್ಲ. "ವಾರಿಜಾ, ಇವರಿಗೆ ಎರಡು ಲೋಟ ಬೆಲ್ಲದ ನೀರು ಕೊಡಮ್ಮ. ಬಿಸಿಲು ಏರ್ತಾ ಉಂಟು, ಹೊಳೆ ದಾಟಬೇಕು ಅವರಿಗೆ" ಎಂದು ಎದ್ದುಬಿಟ್ಟರು. ತಂಗಿಯ ಮನೆ ಹೊಳೆಯಾಚೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅದನ್ನು ಅವರು ಯಾವ ಚೀಲದಲ್ಲಿ ಕಂಡರೋ ನಮ್ಮ ದೊಡ್ಡಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಚಾರ್ಯರು ಆ ಮಧ್ಯಾಹ್ನವೇ ದೋಣಿ ಹತ್ತಿದರು. ಕಲ್ಯಾಣಿ ಅಂಗಳದಲ್ಲಿ ಒಣಮೆಣಸು ಹರಡುತ್ತಿದ್ದಳು. ಅಣ್ಣನನ್ನು ಕಂಡವಳೇ ಎದ್ದು ಒಳಗೆ ಹೋದಳು. ಬಾಗಿಲು ಹಾಕಲೂ ಇಲ್ಲ, ಬಾ ಎನ್ನಲೂ ಇಲ್ಲ. ಆಚಾರ್ಯರು ಒಂದು ಗಳಿಗೆ ಅಂಗಳದಲ್ಲಿ ನಿಂತರು. ಆಮೇಲೆ, ಯಾರೂ ಕರೆಯದೆ, ಮಣೆ ಕೊಡದೆ, ಹೊಸ್ತಿಲ ಪಕ್ಕದ ಬರೀ ನೆಲದ ಮೇಲೆ ಕೂತುಕೊಂಡರು.

ಒಳಗಿನಿಂದ ದನಿ ಬಂತು. "ಎಂತ, ಕಲ್ಲು ತರಲಿಲ್ಲವಾ ಇವತ್ತು?"

"ಇಲ್ಲ ಮಾರಾಯ್ತಿ. ತಪ್ಪಾಯಿತು. ಆ ಬಳೆ ಕೇಳಲಿಕ್ಕೆ ಬಂದೆ. ನಿನ್ನ ಸೊಸೆಗೆ ಮದುವೆ."

ಒಳಗೆ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಆಮೇಲೆ ಕಲ್ಯಾಣಿ ಒಂದು ಕೈಯಲ್ಲಿ ನೀರಿನ ಚೊಂಬು, ಒಂದು ಕೈಯಲ್ಲಿ ಸಣ್ಣ ಬಟ್ಟೆಯ ಗಂಟು ಹಿಡಿದು ಬಂದಳು. "ನೆಲದಲ್ಲಿ ಯಾಕೆ ಕೂತದ್ದು, ಬೆಳ್ಳಗಿನ ಪಂಚೆ ಹಾಳು" ಎಂದು ಗದರಿಸುತ್ತಲೇ ಅತ್ತಳು.

ತೊಟ್ಟಿಲ ಮಗುವಿನ ಬಳೆ, ಮದುಮಗಳ ಕೈಗೆ ಹತ್ತುವುದುಂಟೇ? ಆಚಾರ್ಯರು ಅದನ್ನು ತಾವೇ ಕುಲುಮೆಯ ಮುಂದೆ ಕೂತು ದೊಡ್ಡದು ಮಾಡಿದರು. ಅದರಲ್ಲಿದ್ದ ತಾಮ್ರವನ್ನು ಕಳೆಯಲಿಲ್ಲ. ಹಳೆಯ ಬಳೆಯನ್ನು ಇದ್ದ ಹಾಗೆಯೇ ಉಳಿಸಿ, ಕತ್ತರಿಸಿದ ಜಾಗಕ್ಕೆ ಮಾತ್ರ ತಮ್ಮ ಚಿನ್ನ ಬೆಸೆದರು. ಸೋದರತ್ತೆ ಅರಿಶಿನ ಹಚ್ಚಿದ ಕೈಗೆ ಆ ಬಳೆ ಏರಿತು. ನೋಡಿದವರಿಗೆ ಎರಡು ಬಣ್ಣ ಕಾಣುತ್ತಿತ್ತು. ಯಾರಾದರೂ ಕೇಳಿದರೆ, "ಕೆಂಪಗಿನದು ನನ್ನ ತಂಗಿಯದ್ದು, ಅದೇ ಗಟ್ಟಿ" ಎನ್ನುತ್ತಿದ್ದರಂತೆ.

ಓದಿದವರು ಇದನ್ನು ಮನೆಯ ಮಕ್ಕಳಿಗೆ, ಮುನಿದು ದೂರವಾದ ನೆಂಟರಿಗೆ ದಯವಿಟ್ಟು ಹೇಳಿ. ಆದರೆ ಹೇಳುವಾಗ, ಸ್ವಾಮಿಗಳು ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟರು ಎಂದು ಅಷ್ಟಕ್ಕೇ ನಿಲ್ಲಿಸಬೇಡಿ. ಹೇಗೆ ತಿಳಿಯಿತು ಎಂದು ಅವರೇ ಬಿಡಿಸಿ ಹೇಳಿದ್ದನ್ನೂ ಸೇರಿಸಿ ಹೇಳಿ. ಅವರಿಗೆ ಅದೇ ಮೆಚ್ಚುಗೆ.