ಬಾಹುಬಲಿಯಾದ ಬಂಡೆ

ಬೆಟ್ಟದ ನೆತ್ತಿಯಲ್ಲಿ ಒಂದು ಹೆಬ್ಬಂಡೆ ಇತ್ತು. ತನ್ನ ಎತ್ತರದ ಬಗ್ಗೆ ಅದಕ್ಕೆ ಬಲು ಹೆಮ್ಮೆ. ಒಂದು ದಿನ ಉಳಿ ಬಂದು ಅದರ ತುದಿಯನ್ನೇ ಕಡಿಯತೊಡಗಿತು.

"ನಿಲ್ಲು! ಮೂರ್ತಿ ಬೇಕಾದರೆ ಪಾದದಿಂದ ಶುರುಮಾಡು," ಎಂದಿತು ಬಂಡೆ.

"ಪಾದ ಮೊದಲು ಕೆತ್ತಿದರೆ ಮೇಲಿಂದ ಬೀಳುವ ಚಕ್ಕೆಗಳು ಅದನ್ನು ಮುರಿಯುತ್ತವೆ. ತಲೆಯೇ ಮೊದಲು. ಶಿಲ್ಪಿಗಳಿಗೆ ನಿಲ್ಲಲು ಇನ್ನೂ ಕೆತ್ತದ ನಿನ್ನ ಮೈಯೇ ಅಟ್ಟಣೆ," ಎಂದಿತು ಉಳಿ.

ಗುಂಗುರು ಕೂದಲು, ಮುಗುಳ್ನಗೆ, ಅಗಲವಾದ ಭುಜಗಳು ಮೂಡಿದವು. ಶಿಲ್ಪಿಗಳು ಸುತ್ತಲಿನ ಕಲ್ಲನ್ನು ತೆಗೆಯುತ್ತ ಕೆಳಗಿಳಿದರು.

"ಅಯ್ಯೋ, ನಾನು ಮುಗಿದೇ ಹೋಗುತ್ತೇನೆ!" ಎಂದು ಬಂಡೆ ಅತ್ತಿತು.

"ಗೆದ್ದ ರಾಜ್ಯವನ್ನೇ ಬಿಟ್ಟು, ಸುತ್ತ ಹುತ್ತ ಬೆಳೆದು ಮೈಗೆ ಬಳ್ಳಿ ಹಬ್ಬಿದರೂ ಕದಲದೆ ತಪಸ್ಸಿಗೆ ನಿಂತ ಬಾಹುಬಲಿ ನೀನಾಗುತ್ತಿದ್ದೀಯೆ. ಏನನ್ನೂ ಬಿಡದೆ ಅವನಾಗುವುದು ಹೇಗೆ?" ಎಂದಿತು ಉಳಿ.

ಬಂಡೆ ಅಳು ನಿಲ್ಲಿಸಿ ಮೈಯೊಡ್ಡಿತು. ಶಿಲ್ಪಿಗಳು ತೊಡೆಯವರೆಗೆ ಹುತ್ತದ ಆಕಾರದಲ್ಲಿ ಕಲ್ಲಿನ ಆಸರೆ ಉಳಿಸಿದರು. ತೋಳು ತೊಡೆಗಳಿಗೆ ಬಳ್ಳಿ ಹಬ್ಬಿಸಿದರು. ಕೊನೆಗೆ ಪಾದ ಕೆತ್ತಿ, ಮೈಯೆಲ್ಲ ಉಜ್ಜಿ ನುಣುಪಾಗಿಸಿದರು.

ಬಳಿಕ ಬೆನ್ನ ಹಿಂದೆ ಮರದ ಅಟ್ಟಣೆ ಎದ್ದಿತು. ಜನ ಕೊಡ ಹೊತ್ತು ಹತ್ತಿದರು.

"ಇದೇಕೆ?" ಎಂದಿತು ಮೂರ್ತಿ.

ಸವೆದು ಗಿಡ್ಡಾಗಿದ್ದ ಉಳಿ ಹೇಳಿತು: "ಬಿಟ್ಟು ಗೆದ್ದವನಿಗೆ ಇದು ಮಸ್ತಕಾಭಿಷೇಕ. ಮಳೆ ಬಿಸಿಲಿಗೆ ನಿನ್ನ ಮೇಲೆ ಪಾಚಿ ಕಟ್ಟುತ್ತದೆ, ಜನರ ಮನಸ್ಸಿನಲ್ಲಿ 'ನನ್ನದು' ಎಂಬುದು ಕಟ್ಟುತ್ತದೆ. ಎರಡನ್ನೂ ತೊಳೆಯಲು ಇನ್ನು ಮುಂದೆ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತಾರೆ."

ನೀರು, ಎಳನೀರು, ಕಬ್ಬಿನಹಾಲು, ಅರಿಶಿನ, ಚಂದನ ಒಂದರ ಹಿಂದೊಂದು ನೆತ್ತಿಯಿಂದ ಇಳಿದವು. ಹಾಲು ಸುರಿದಾಗ ಮೂರ್ತಿ ಬೆಳ್ಳಗೆ ಹೊಳೆಯಿತು. ಇಡೀ ಬೆಟ್ಟ ಜಯಕಾರ ಹಾಕಿತು.