ವರ್ತಕನ ಸರದಿ

೨೦೧೮ರ ಆಗಸ್ಟ್ ೧೪, ಮಂಗಳವಾರ. ಬೆಳಗಿನಿಂದ ಮೋಡವಿತ್ತು, ಮಳೆ ಬರಲಿಲ್ಲ.

“ಸರ್, ನಾಡಿದ್ದಿನ ಸಂವಾದವನ್ನು ನಾನೊಬ್ಬಳೇ ಬರೆದು, ಎರಡೂ ಪಾತ್ರ ನಾನೇ ಓದಬಹುದೇ?” ಎಂದು ನೀಲಗಂಗಾ ಕೇಳಿದಳು.

ಕರಿಬಸಯ್ಯನವರು ಗದುಗಿನ ಕಾಲೇಜಿನಲ್ಲಿ ರಾಜಕೀಯ ಸಿದ್ಧಾಂತ ಕಲಿಸುತ್ತಿದ್ದರು. ಅವರ ತರಗತಿಗೆ ಒಂದು ಪದ್ಧತಿಯಿತ್ತು. ಒಂದು ವಿವಾದವನ್ನು ಇಬ್ಬರಿಗೆ ಕೊಡುತ್ತಿದ್ದರು. ಅವರು ಅದನ್ನು ಸಂವಾದವಾಗಿ ಬರೆದು ಎಲ್ಲರ ಮುಂದೆ ಓದಬೇಕು. ಆದರೆ ತನ್ನ ಮಾತನ್ನು ತಾನೇ ಬರೆಯುವಂತಿಲ್ಲ. ಎದುರಾಳಿಯ ಮಾತನ್ನು ತಾನು ಬರೆಯಬೇಕು, ಎದುರಾಳಿ ಬರೆದದ್ದನ್ನು ತಾನು ಓದಬೇಕು.

ಈ ಸಲದ ವಿವಾದ: ಚಿಕಿತ್ಸೆಯನ್ನು ಒದಗಿಸಬೇಕಾದದ್ದು ಮಾರುಕಟ್ಟೆಯೋ, ಪ್ರಭುತ್ವವೋ? ನೀಲಗಂಗಾಳ ತಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಪ್ರಭುತ್ವದ ಪಕ್ಷ. ಇರ್ಷಾದನ ತಂದೆಗೆ ಔಷಧದ ಅಂಗಡಿಯಿತ್ತು. ಅವನು ಮಾರುಕಟ್ಟೆಯ ಪಕ್ಷ. ಪಿಯುಸಿಯಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಈಗ ಕರಿಬಸಯ್ಯನವರ ಕೋಣೆಯಲ್ಲಿ ಅವನು ಕಿಟಕಿಯ ಹತ್ತಿರ, ಅವಳು ಬಾಗಿಲ ಹತ್ತಿರ ನಿಂತಿದ್ದರು.

ಏನಾಯಿತೆಂದು ಕರಿಬಸಯ್ಯನವರು ಕೇಳಿದರು. ಇರ್ಷಾದ್ ಬರೆದುಕೊಟ್ಟ ಹಾಳೆಗಳಲ್ಲಿ ತನ್ನ ಪಾತ್ರಕ್ಕೆ ‘ಸರ್ಕಾರ ಎಲ್ಲ ನೋಡಿಕೊಳ್ಳುತ್ತದೆ’ ಎಂಬ ಒಂದೇ ಮಾತಿದೆ, ಅದನ್ನೇ ತಿರುಗಿಸಿ ತಿರುಗಿಸಿ ಹೇಳಿಸಿದ್ದಾನೆ ಎಂದು ಅವಳು ದೂರಿದಳು. ಅವಳು ಬರೆದದ್ದರಲ್ಲಿ ತನ್ನ ಪಾತ್ರ ಹೆಣದ ಕಿವಿಯ ಓಲೆಗೂ ಕೈಹಾಕುವಂಥದು ಎಂದು ಅವನು ಹೇಳಿದ.

“ನಾ ಏನು ಅಷ್ಟು ದಡ್ಡಿ ಅದೀನೇನು?” ಎಂದು ಅವಳು ಕಿಟಕಿಯ ಕಡೆ ನೋಡದೆ ಕೇಳಿದಳು.

“ನಮ್ಮಪ್ಪ ಅಂಥ ಕಳ್ಳ ಏನು? ನಿಮ್ಮವ್ವಗ ಜ್ವರ ಬಂದಾಗ ರಾತ್ರಿ ಅಂಗಡಿ ತೆಗೆದವರು ಯಾರು?” ಎಂದ ಅವನು.

ಅದು ನಿಜ. ನಿಜವಾದದ್ದರಿಂದಲೇ ನೀಲಗಂಗಾಳಿಗೆ ಇನ್ನಷ್ಟು ಸಿಟ್ಟು ಬಂತು. ಇವನ ಜೊತೆ ಇನ್ನು ಕೂರುವುದೇ ಬೇಡ ಎಂದುಕೊಂಡಳು.

ಕರಿಬಸಯ್ಯನವರು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಇಬ್ಬರಿಗೂ ಕುರ್ಚಿ ತೋರಿಸಿ ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕ, ಒಬ್ಬ ರೈತ. ಇಬ್ಬರೂ ಗೆಳೆಯರು. ಆ ಊರಿಗೆ ಒಬ್ಬ ವೈದ್ಯೆ ಬಂದಳು. ಅವಳ ಚಿಕಿತ್ಸೆಗೆ ದುಡ್ಡು ಯಾರು ಕೊಡಬೇಕೆಂದು ಇಬ್ಬರಲ್ಲಿ ಜಗಳ ಹತ್ತಿತು.

ರೋಗಿ ತನ್ನ ದುಡ್ಡು ತಾನು ಕೊಡಲಿ, ಆಗ ಅವಳು ಓಡಿ ಬರುತ್ತಾಳೆ ಎಂದ ವರ್ತಕ. ಊರು ಹಾಗೇ ಮಾಡಿತು. ಅವಳು ಓಡಿಯೇ ಬಂದಳು. ಗಳಿಕೆಯಿದೆ ಎಂಬ ಸುದ್ದಿ ಹರಡಿ ಇನ್ನೊಬ್ಬ ವೈದ್ಯನೂ ಬಂದ. ಹಲ್ಲು ಕೀಳುವುದಕ್ಕೆ, ಕುರು ಒಡೆಯುವುದಕ್ಕೆ ಜನ ಇಬ್ಬರನ್ನೂ ವಿಚಾರಿಸಿದರು, ದರ ಇಳಿಯಿತು. ಆದರೆ ಎದೆ ಹಿಡಿದುಕೊಂಡು ಬಿದ್ದವನು ಯಾರನ್ನೂ ವಿಚಾರಿಸಲಿಲ್ಲ. ಯಾವ ಔಷಧ ಬೇಕು, ಎಷ್ಟು ಬೇಕು ಎಂದು ಹೇಳುವವರೂ ಮಾರುವವರೂ ಒಬ್ಬರೇ ಆಗಿದ್ದರು. ಎರಡು ಲೇಪ ಸಾಕಾದಲ್ಲಿ ಐದು ಬಂದವು. ಬಡವರು ಮನೆಯಲ್ಲೇ ತಡೆದುಕೊಂಡರು. ತಡೆದುಕೊಂಡ ಜ್ವರ ಓಣಿ ದಾಟಿ ಉಳ್ಳವರ ಮನೆಗೂ ಹೋಯಿತು.

ಆಗ ಕೆಲವರು ಸೇರಿ ಒಂದು ನಿಧಿ ಮಾಡಿದರು. ಎಲ್ಲರೂ ಸಮನಾಗಿ ಹಾಕುವುದು, ರೋಗ ಬಂದವನಿಗೆ ಅದರಿಂದ ಕೊಡುವುದು. ಇಷ್ಟವಿದ್ದವರು ಸೇರಬಹುದಿತ್ತು. ಕೆಮ್ಮುವವರು ಮೊದಲು ಸೇರಿದರು. ಗಟ್ಟಿಮುಟ್ಟಾದವರು ನಮಗೇಕೆ ಎಂದು ಹೊರಗುಳಿದರು. ವಂತಿಗೆ ಏರಿತು. ಏರಿದ್ದಕ್ಕೆ ಅರೆಗಟ್ಟಿಯಾದವರೂ ಬಿಟ್ಟರು. ಉಳಿದವರು ಬರೀ ರೋಗಿಗಳು. ನಿಧಿ ಮುಳುಗಿತು.

ಇಷ್ಟವಿದ್ದವರು ಎಂಬುದನ್ನು ತೆಗೆಯಿರಿ ಎಂದ ರೈತ. ಪ್ರತಿ ಮನೆಯೂ ತನ್ನ ಬೆಳೆಗೆ ತಕ್ಕಂತೆ ಊರ ಕಣಜಕ್ಕೆ ಕಾಳು ಹಾಕಬೇಕು. ವೈದ್ಯೆಗೆ ಕಣಜದಿಂದ ಸಂಬಳ. ರೋಗಿ ಬರಿಗೈಯಲ್ಲಿ ಬರಬೇಕು. ಊರು ಅದನ್ನೂ ಮಾಡಿತು. ಜನ ರೋಗ ಬಲಿಯುವ ಮೊದಲೇ ಬಂದರು. ಓಣಿಯ ಜ್ವರ ಓಣಿಯಲ್ಲೇ ನಿಂತಿತು. ಆದರೆ ಕಣಜ ಇಬ್ಬರನ್ನು ಸಾಕಲಾರದೆಂದು ಎರಡನೆಯ ವೈದ್ಯ ಹೊರಟುಹೋದ. ಹತ್ತು ಜನರನ್ನು ನೋಡಿದರೂ ನಲವತ್ತು ಜನರನ್ನು ನೋಡಿದರೂ ಸಂಬಳ ಅಷ್ಟೇ ಆದ್ದರಿಂದ ವೈದ್ಯೆಯ ನಡಿಗೆ ನಿಧಾನವಾಯಿತು. ಕಣಜ ನೋಡಿಕೊಳ್ಳುತ್ತಿದ್ದ ಊರಗೌಡನ ಅಪ್ಪಣೆಯಾಗಿ ಔಷಧ ಬರುವ ಹೊತ್ತಿಗೆ ಕಾಲ ಮೀರುತ್ತಿತ್ತು. ಬಾಗಿಲ ಮುಂದೆ ಸಾಲು ಬೆಳೆಯಿತು. ಪ್ರಾಣಕ್ಕೆ ಬಂದವರನ್ನು ಅವಳು ಮೊದಲು ಕರೆಯುತ್ತಿದ್ದಳು, ಉಳಿದವರು ಕಾಯಬೇಕು.

ಸಾಲಿನಲ್ಲಿ ಸರದಿಯನ್ನು ಮಾರುವುದು ಶುರುವಾಯಿತು. ಕೊಡುವವನಿಗೂ ಸಂತೋಷ, ಕೊಳ್ಳುವವನಿಗೂ ಸಂತೋಷ, ನಡುವೆ ನಿನಗೇನು ಕಷ್ಟ ಎಂದು ವರ್ತಕ ಕೇಳಿದ. ಮಾರುವವನು ಮನೆಯಲ್ಲಿ ಕಾಳಿಲ್ಲದ್ದಕ್ಕೆ ಮಾರುತ್ತಾನೆ, ಅವನ ರೋಗ ಅದಕ್ಕಾಗಿ ಕಾಯುವುದಿಲ್ಲ ಎಂದ ರೈತ. ಊರನ್ನೆಲ್ಲ ಒಪ್ಪಿಸಿ ಕಟ್ಟಳೆ ಮಾಡಿಸಿದ: ಸರದಿ ಮಾರುವಂತಿಲ್ಲ.

ವರ್ಷಗಳು ಕಳೆದವು. ಇಬ್ಬರ ಕಣ್ಣಿಗೂ ಪೊರೆ ಬಂತು. ಪೊರೆಯನ್ನು ವೈದ್ಯೆ ಚಳಿಗಾಲದಲ್ಲಿ ಮಾತ್ರ ತೆಗೆಯುತ್ತಿದ್ದಳು. ಆ ಚಳಿಗಾಲದ ಕಡೆಯ ಸರದಿ ವರ್ತಕನದು. ಅವನ ಹಿಂದೆಯೇ ರೈತ; ಅಂದರೆ ರೈತನಿಗೆ ಮುಂದಿನ ಚಳಿಗಾಲ. ನೇಗಿಲ ಸಾಲು ಕಾಣದೆ ಬಿತ್ತುವುದಾದರೂ ಹೇಗೆ?

ರೈತ ವರ್ತಕನ ಅಂಗಡಿಗೆ ಹೋದ. ತಲೆ ತಗ್ಗಿಸಿ, “ನಿನ್ನ ಸರದಿ ನನಗೆ ಮಾರು. ಬೆಳೆಯಲ್ಲಿ ಅರ್ಧ ಕೊಡುತ್ತೇನೆ” ಎಂದ.

ವರ್ತಕ ಬಹಳ ಹೊತ್ತು ನಕ್ಕ. “ಇಷ್ಟು ವರ್ಷ ವಾದ ಮಾಡಿ, ಕೊನೆಗೆ ನಿನ್ನ ಕಟ್ಟಳೆ ಮುರಿಯಲಿಕ್ಕೆ ನನ್ನ ಅಂಗಡಿಗೇ ಬಂದೆಯಾ? ಮಾರುವುದಿಲ್ಲ, ಹೋಗು” ಎಂದ.

ಮರುದಿನ ವೈದ್ಯೆ ವರ್ತಕನನ್ನು ಕರೆದಳು. ಅವನು ಎದ್ದು ನಿಂತು, ತನಗೆ ಈ ವರ್ಷ ಬೇಡ, ಹಿಂದಿನವರನ್ನು ಕರೆಯಿರಿ ಎಂದ. ಹಾಗೆ ಬಿಟ್ಟುಕೊಡುವುದಕ್ಕೆ ಯಾವ ಕಟ್ಟಳೆಯ ಅಡ್ಡಿಯೂ ಇರಲಿಲ್ಲ. ರೈತನ ಕಣ್ಣು ಮತ್ತೆ ಕಾಣತೊಡಗಿತು. ಮಳೆಗಾಲ ಶುರುವಾಗುವ ಹೊತ್ತಿಗೆ ವರ್ತಕನಿಗೆ ತಕ್ಕಡಿಯ ಮುಳ್ಳು ಕಾಣದಾಯಿತು.

ಕರಿಬಸಯ್ಯನವರು ಅಲ್ಲಿಗೆ ನಿಲ್ಲಿಸಿದರು.

ನೀಲಗಂಗಾ ಕಾದಳು. ಗೆದ್ದವರು ಯಾರೆಂದು ಅವರು ಹೇಳಲಿಲ್ಲ. ತನ್ನ ಪಕ್ಷದ ರೈತ ಕೊಳ್ಳಲು ಹೋದದ್ದು ಅವಳಿಗೆ ಸರಿಬರಲಿಲ್ಲ. ಆದರೆ ಅಂಥವನು ಹಾಗೆ ಹೋಗುವುದೇ ಇಲ್ಲ ಎನ್ನುವುದೂ ಅವಳಿಗೆ ಸುಳ್ಳೆನಿಸಿತು. ಅವಳು ಕಿಟಕಿಯ ಕಡೆ ನೋಡಿದಳು. ಇರ್ಷಾದ್ ತನ್ನ ಕುರ್ಚಿಯನ್ನು ಯಾವಾಗ ಇಷ್ಟು ಹತ್ತಿರ ಎಳೆದುಕೊಂಡನೋ ಅವಳಿಗೆ ತಿಳಿದಿರಲಿಲ್ಲ.

“ಸರ್, ವರ್ತಕ ಅಂದಮೇಲೆ ಏನೂ ತೊಗೊಳ್ಳದೇ ಬಿಟ್ಟನೇನು?” ಎಂದು ಇರ್ಷಾದ್ ಕೇಳಿದ. “ಕೊನೆಗೆ ರೈತ ಅವನಿಗೆ ಏನು ಕೊಟ್ಟ?”

“ಮುಂದಿನ ಚಳಿಗಾಲದವರೆಗೆ ದಿನಾ ಬೆಳಿಗ್ಗೆ ಅವನ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದ; ದಾರಿಯುದ್ದಕ್ಕೂ ಇಬ್ಬರಿಗೂ ಇದೇ ಜಗಳ” ಎಂದರು ಕರಿಬಸಯ್ಯನವರು.